ಕ್ರ್ಯಾಶ್ ಆಗುವ ಆಟ, ತಡವಾಗುವ ಕಂತು

ವಿಡಿಯೊ ಗೇಮ್ ಮಾಡುವ ಚಿಕ್ಕ ಸ್ಟುಡಿಯೊಗಳಲ್ಲಿ ಬಹಳಷ್ಟು ಕಂತಿನ ಹಣದ ಮೇಲೆ ನಡೆಯುತ್ತವೆ. ಆಟಕ್ಕೆ ಬಂಡವಾಳ ಹಾಕಿ ಮಾರುಕಟ್ಟೆಗೆ ತರುವ ಪಬ್ಲಿಷರ್ ಪೂರ್ತಿ ಮೊತ್ತವನ್ನು ಒಂದೇ ಸಲ ಕೊಡುವುದಿಲ್ಲ. ಕೆಲಸವನ್ನು ಹಂತಗಳಾಗಿ ಒಡೆದು, ಪ್ರತಿ ಹಂತಕ್ಕೂ ಒಂದು ತಾರೀಖು ಮತ್ತು ಒಂದು ಮೊತ್ತವನ್ನು ಒಪ್ಪಂದದಲ್ಲಿ ಬರೆದಿಡುತ್ತದೆ. ಈ ಹಂತವೇ ಮೈಲ್‌ಸ್ಟೋನ್. ಆ ದಿನಕ್ಕೆ ಆಟದ ಬಿಲ್ಡ್ ಕಳಿಸಬೇಕು, ಪಬ್ಲಿಷರ್ ಕಡೆಯ ಟೆಸ್ಟರ್‌ಗಳು ಅದನ್ನು ಆಡಿ ನೋಡಬೇಕು, ಅವರು ಒಪ್ಪಿದ ಮೇಲೆ ಹಣ ಬರುತ್ತದೆ. ನಾಲ್ಕೈದು ಜನರ ಸ್ಟುಡಿಯೊದಲ್ಲಿ ಮುಂದಿನ ತಿಂಗಳುಗಳ ಸಂಬಳ ಆ ಹಣದಿಂದಲೇ ಆಗಬೇಕು.

ಅಂಥ ಸ್ಟುಡಿಯೊ ಒಂದನ್ನು ಕಲ್ಪಿಸಿಕೊಳ್ಳೋಣ. ಬೀಟಾ ಹಂತದ ತಾರೀಖು ಹತ್ತಿರ ಬಂದಿದೆ. ಆಟ ಹೆಚ್ಚುಕಡಿಮೆ ಮುಗಿದಿದೆ. ಆದರೆ ಆಟಗಾರ ಒಂದು ಪ್ರದೇಶದಿಂದ ಇನ್ನೊಂದಕ್ಕೆ ದಾಟುವಾಗ ಅಪರೂಪಕ್ಕೊಮ್ಮೆ ಇಡೀ ಆಟ ತಟ್ಟನೆ ಮುಚ್ಚಿಕೊಳ್ಳುತ್ತದೆ. ವಿಂಡೋಸ್ ದಾಖಲಿಸುವುದು `0xC0000005` ಎಂಬ ಸಂಕೇತವನ್ನು. ಪ್ರೋಗ್ರಾಂ ತನಗೆ ಹಕ್ಕಿಲ್ಲದ ಮೆಮೊರಿ ವಿಳಾಸಕ್ಕೆ ಕೈಹಾಕಿತು ಎಂದು ಅದರ ಅರ್ಥ. ಸರಾಸರಿ ಹತ್ತು ಗಂಟೆ ಆಡಿದರೆ ಒಮ್ಮೆ ಹೀಗಾಗುತ್ತದೆ.

ಹತ್ತು ಗಂಟೆಗೊಮ್ಮೆ ತಾನೇ, ಬಿಲ್ಡ್ ಕಳಿಸಿಬಿಡೋಣ ಎಂಬ ಆಸೆ ಇಲ್ಲಿ ಹುಟ್ಟುತ್ತದೆ. ಇದು ತಪ್ಪು ಲೆಕ್ಕ. ಪಬ್ಲಿಷರ್ ಬಳಿ ಹತ್ತು ಟೆಸ್ಟರ್‌ಗಳಿದ್ದರೆ ಅವರು ಒಟ್ಟಾಗಿ ಒಂದೇ ಗಂಟೆಯಲ್ಲಿ ಹತ್ತು ಗಂಟೆಯ ಆಟ ಆಡಿರುತ್ತಾರೆ. ಕ್ರ್ಯಾಶ್ ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಬಿಲ್ಡ್ ತಿರಸ್ಕೃತವಾಗಿ ಬರುವುದರ ಜೊತೆಗೆ, ಗೊತ್ತಿದ್ದೂ ಕಳಿಸಿದರು ಎಂಬ ಅನುಮಾನವೂ ಬರುತ್ತದೆ. ಹಾಗಾಗಿ ಪತ್ರ ತಾರೀಖಿಗೆ ಮೊದಲೇ ಹೋಗಬೇಕು. ಅದು ಹೀಗಿರಬಹುದು:

“ಮಾನ್ಯರೇ, ಬೀಟಾ ಬಿಲ್ಡ್ ಒಪ್ಪಿದ ದಿನಕ್ಕೆ ತಲುಪುವುದಿಲ್ಲ. ಪ್ರದೇಶ ಬದಲಾಗುವಾಗ ಆಟ ಕ್ರ್ಯಾಶ್ ಆಗುತ್ತಿದೆ, ಸರಾಸರಿ ಹತ್ತು ಗಂಟೆ ಆಟಕ್ಕೆ ಒಮ್ಮೆ. ನಮಗೆ ಖಚಿತವಾಗಿ ಗೊತ್ತಿರುವುದು ಮೂರು ವಿಷಯ: ಇದು ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ ಕಾಣಿಸುತ್ತದೆ, ಗ್ರಾಫಿಕ್ಸ್ ಕಾರ್ಡ್ ಬದಲಿಸಿದರೂ ನಿಲ್ಲುವುದಿಲ್ಲ, ಪ್ರತಿ ಸಲವೂ ಕೋಡಿನ ಬೇರೆ ಬೇರೆ ಜಾಗದಲ್ಲಿ ಆಗುತ್ತದೆ. ಮೆಮೊರಿ ಕೆಡುತ್ತಿದೆ ಎಂಬುದು ನಮ್ಮ ಊಹೆ, ಇನ್ನೂ ಸಾಬೀತಾಗಿಲ್ಲ. ದುರಸ್ತಿಯ ದಿನವನ್ನು ಈಗ ಹೇಳಲಾರೆವು. ಬರುವ ಶುಕ್ರವಾರ ಕಾರಣ ಸಿಕ್ಕಿದೆಯೋ ಇಲ್ಲವೋ ಎಂಬುದನ್ನು ತಿಳಿಸುತ್ತೇವೆ. ಈ ದೋಷದ ವಿವರ ಬರೆದ ಟಿಪ್ಪಣಿಯೊಂದಿಗೆ ಇಂದಿನ ಬಿಲ್ಡ್ ಲಗತ್ತಿಸಿದ್ದೇವೆ. ಉಳಿದ ಭಾಗಗಳ ಪರೀಕ್ಷೆಯನ್ನು ನಿಮ್ಮ ತಂಡ ಶುರುಮಾಡಬಹುದು.”

ಈ ಪತ್ರದಲ್ಲಿ ನನಗೆ ಮುಖ್ಯವಾಗಿ ಕಾಣುವುದು ದುರಸ್ತಿಯ ದಿನ ಹೇಳದೆ ಇರುವುದು. ಕಾರಣ ಸಿಗದ ದೋಷಕ್ಕೆ ಗಡುವು ಕೊಡಲು ಬರುವುದಿಲ್ಲ. 1996ರ ‘ಕ್ರ್ಯಾಶ್ ಬ್ಯಾಂಡಿಕೂಟ್’ ತಯಾರಾಗುತ್ತಿದ್ದಾಗ ನಾಟಿ ಡಾಗ್ ಸ್ಟುಡಿಯೊದ ಡೇವ್ ಬ್ಯಾಗೆಟ್, ಉಳಿಸಿದ ಆಟ ಮೆಮೊರಿ ಕಾರ್ಡ್‌ನಲ್ಲಿ ಆಗಾಗ ಕೆಡುವ ದೋಷವೊಂದನ್ನು ವಾರಗಟ್ಟಲೆ ಹುಡುಕಿದ್ದರು. ಕೋಡನ್ನು ತುಂಡುತುಂಡಾಗಿ ತೆಗೆಯುತ್ತ ಹೋದಾಗ ಉಳಿದದ್ದು ಟೈಮರ್ ಹೊಂದಿಸುವ ಸಾಲು. ಟೈಮರ್ ಸೆಕೆಂಡಿಗೆ ಸಾವಿರ ಸಲ ಮಿಡಿಯುವಂತೆ ಇಟ್ಟಾಗ ಮಾತ್ರ ತೊಂದರೆಯಾಗುತ್ತಿತ್ತು. ಮೂಲ ಇದ್ದದ್ದು ಪ್ಲೇಸ್ಟೇಷನ್ ಯಂತ್ರದೊಳಗೆ, ವಿದ್ಯುತ್ ಸಂಕೇತಗಳು ಒಂದಕ್ಕೊಂದು ಅಡ್ಡಬರುವುದರಲ್ಲಿ. ಹುಡುಕಾಟ ಶುರುವಾದ ದಿನ ಯಾರೂ ಇದನ್ನು ಊಹಿಸಿ ದಿನಾಂಕ ಕೊಡಲು ಸಾಧ್ಯವಿರಲಿಲ್ಲ. ಸ್ಟುಡಿಯೊ ಕೊಡಬಹುದಾದದ್ದು ಮುಂದಿನ ಸುದ್ದಿಯ ದಿನಾಂಕ. ಅದನ್ನು ಕೊಟ್ಟು ಉಳಿಸಿಕೊಳ್ಳಲೇಬೇಕು.

ಈಗ ನಮ್ಮ ಕ್ರ್ಯಾಶ್‌ಗೆ ಬರೋಣ. ಬೇರೆ ಬೇರೆ ಜಾಗದಲ್ಲಿ ಆಗುತ್ತದೆ ಎಂಬ ಮಾತೇ ದೊಡ್ಡ ಸುಳಿವು. ಒಮ್ಮೆ ಧ್ವನಿಯ ಕೋಡಿನಲ್ಲಿ, ಇನ್ನೊಮ್ಮೆ ಮೆನುವಿನಲ್ಲಿ ಬಿದ್ದರೆ, ಆ ಎರಡೂ ನಿರಪರಾಧಿಗಳು. ಅವುಗಳ ಮೆಮೊರಿಯನ್ನು ಮೂರನೆಯದೊಂದು ಮೊದಲೇ ಕೆಡಿಸಿದೆ. ಹೆಚ್ಚಿನ ಸಲ ಹೀಗಾಗುವುದು ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಬಳಸುವುದರಿಂದ. ಬಾಡಿಗೆ ಮನೆ ಖಾಲಿ ಮಾಡಿದವರು ಹಳೆಯ ಬೀಗದ ಕೈಯನ್ನು ಇಟ್ಟುಕೊಂಡು, ಹೊಸ ಬಾಡಿಗೆದಾರರ ಅಡುಗೆಮನೆಗೆ ಬಂದು ತಮ್ಮ ಸಾಮಾನು ಇಟ್ಟುಹೋದ ಹಾಗೆ. ಮನೆ ಖಾಲಿ ಇದ್ದರೆ ಯಾರಿಗೂ ತಿಳಿಯುವುದಿಲ್ಲ, ಆದ್ದರಿಂದಲೇ ಕ್ರ್ಯಾಶ್ ಅಪರೂಪ.

ಆಟದಲ್ಲಿ ಇದು ನಡೆಯುವ ಬಗೆ ಹೀಗೆ. ಆಟಗಾರ ಕಾಡಿನಲ್ಲಿರುವಾಗ ಹಕ್ಕಿಯೊಂದರ ಧ್ವನಿಯ ಫೈಲನ್ನು ಡಿಸ್ಕ್‌ನಿಂದ ತರಲು ಹಿನ್ನೆಲೆಯ ಥ್ರೆಡ್ ಹೊರಡುತ್ತದೆ. ಅದು ಹಿಂದಿರುಗುವಷ್ಟರಲ್ಲಿ ಆಟಗಾರ ಊರಿಗೆ ದಾಟಿರುತ್ತಾನೆ. ಕಾಡನ್ನೂ ಹಕ್ಕಿಯನ್ನೂ ಮೆಮೊರಿಯಿಂದ ಅಳಿಸಿ, ಆ ಜಾಗವನ್ನು ಊರಿನ ವಸ್ತುಗಳಿಗೆ ಕೊಟ್ಟಾಗಿರುತ್ತದೆ. ಥ್ರೆಡ್‌ಗೆ ಇದು ಗೊತ್ತಿಲ್ಲ. ‘ಫೈಲು ಬಂತು’ ಎಂದು ಹಳೆಯ ವಿಳಾಸದಲ್ಲಿ ಬರೆಯುತ್ತದೆ. ಡಿಸ್ಕ್ ತಡಮಾಡಬೇಕು, ಆಟಗಾರ ಆ ಕ್ಷಣಕ್ಕೇ ದಾಟಬೇಕು. ಎರಡೂ ಕೂಡಿಬರುವುದು ಅಪರೂಪ. ಡೀಬಗ್ ಬಿಲ್ಡ್‌ನ ವೇಗ ಬೇರೆ, ಮೆಮೊರಿಯ ಜೋಡಣೆಯೂ ಬೇರೆ. ಅದರಲ್ಲಿ ಕಾಣಿಸದೆ ಹೋದದ್ದು ಅದಕ್ಕೇ.

ಇಂಥದ್ದನ್ನು ಹಿಡಿಯಲೆಂದೇ ಅಡ್ರೆಸ್ ಸ್ಯಾನಿಟೈಸರ್ ಎಂಬ ಸಾಧನವಿದೆ. ಬಿಟ್ಟುಕೊಟ್ಟ ಮೆಮೊರಿಯನ್ನು ಅದು ಸ್ವಲ್ಪ ಕಾಲ ಬೇರೆಯವರಿಗೆ ಕೊಡದೆ ಕಾವಲಿಡುತ್ತದೆ. ಯಾರಾದರೂ ಮುಟ್ಟಿದರೆ ಅದೇ ಸಾಲಿನಲ್ಲಿ ಆಟವನ್ನು ನಿಲ್ಲಿಸುತ್ತದೆ. ಆದರೂ ಚಿಕ್ಕ ಸ್ಟುಡಿಯೊಗಳಲ್ಲಿ ಇದು ಕೆಲವೊಮ್ಮೆ ಏನನ್ನೂ ಹಿಡಿಯುವುದಿಲ್ಲ, ಮತ್ತು ದಿನಗಳು ಕಳೆದುಹೋಗುವುದು ಇಲ್ಲಿಯೇ. ವೇಗಕ್ಕಾಗಿ ಆಟಗಳು ಆಪರೇಟಿಂಗ್ ಸಿಸ್ಟಂನಿಂದ ಒಂದು ದೊಡ್ಡ ತುಂಡು ಮೆಮೊರಿ ಪಡೆದು, ಒಳಗೊಳಗೆ ತಾವೇ ಹಂಚಿಕೊಳ್ಳುತ್ತವೆ. ಒಳಗಿನ ಈ ಹಂಚಿಕೆ ಸ್ಯಾನಿಟೈಸರ್‌ಗೆ ಕಾಣಿಸುವುದಿಲ್ಲ. ಅದರ ಪಾಲಿಗೆ ಇಡೀ ತುಂಡು ಇನ್ನೂ ಬಳಕೆಯಲ್ಲಿದೆ. ಆದ್ದರಿಂದ ಮೊದಲು ಒಳಹಂಚಿಕೆಯನ್ನು ತೆಗೆದುಹಾಕಿ, ಪ್ರತಿ ವಸ್ತುವಿನ ಮೆಮೊರಿಯೂ ನೇರವಾಗಿ ಸಿಸ್ಟಂನಿಂದ ಬರುವಂತೆ ಮಾಡಬೇಕು. ಆಮೇಲೆ ಹಿನ್ನೆಲೆಯ ಥ್ರೆಡ್ ಪ್ರತಿ ಫೈಲಿಗೂ ಮೂರು ಸೆಕೆಂಡ್ ಬೇಕೆಂದೇ ತಡಮಾಡುವಂತೆ ಒಂದು ಸಾಲು ಸೇರಿಸಬೇಕು. ಹತ್ತು ಗಂಟೆಗೊಮ್ಮೆ ಬರುತ್ತಿದ್ದ ದೋಷ ಈಗ ಪ್ರದೇಶ ದಾಟಿದಾಗಲೆಲ್ಲ ಎದುರಿಗೆ ನಿಲ್ಲುತ್ತದೆ, ಹಕ್ಕಿಯ ಹೆಸರಿನ ಸಮೇತ.

ದುರಸ್ತಿ ಒಂದೇ ದಿನದ ಕೆಲಸ. ಪ್ರದೇಶ ಅಳಿಸುವ ಮೊದಲು ಬಾಕಿ ಇರುವ ಫೈಲುಗಳ ಬೇಡಿಕೆಯನ್ನು ರದ್ದುಮಾಡಬೇಕು. ಜೊತೆಗೆ ಥ್ರೆಡ್‌ನ ಕೈಗೆ ಬರಿಯ ವಿಳಾಸ ಕೊಡದೆ, ಕ್ರಮಸಂಖ್ಯೆಯಿರುವ ಗುರುತು ಕೊಡಬೇಕು. ಆ ಜಾಗಕ್ಕೆ ಬೇರೊಂದು ವಸ್ತು ಬಂದಿದ್ದರೆ ಸಂಖ್ಯೆ ಹೊಂದುವುದಿಲ್ಲ, ಥ್ರೆಡ್ ಬರೆಯದೆ ಹಿಂದಿರುಗುತ್ತದೆ.

ಶುಕ್ರವಾರದ ಎರಡನೆಯ ಪತ್ರಕ್ಕೆ ಇನ್ನೊಂದು ಲೆಕ್ಕ ಬೇಕು. ಸರಿಹೋಗಿದೆ ಎಂದು ಹೇಳುವುದು ಯಾವ ಆಧಾರದ ಮೇಲೆ? ತಡಮಾಡುವ ಸಾಲಿದ್ದರೂ ಈಗ ಕ್ರ್ಯಾಶ್ ಆಗುತ್ತಿಲ್ಲ ಎಂಬುದು ಮೊದಲ ಆಧಾರ. ಆದರೆ ಅದೇ ಲಕ್ಷಣದ ಎರಡನೆಯ ದೋಷವೂ ಅಡಗಿರಬಹುದು. ಹತ್ತು ಗಂಟೆಗೊಮ್ಮೆ ಬರುವ ಕ್ರ್ಯಾಶ್ ಇನ್ನೂ ಹಾಗೆಯೇ ಉಳಿದಿದ್ದರೆ, ಸತತ ಮೂವತ್ತು ಗಂಟೆ ಅದು ಕಾಣಿಸದೆ ಇರುವ ಸಂಭವ ಶೇಕಡಾ 5ರಷ್ಟು ಮಾತ್ರ. ಆದ್ದರಿಂದ ರಿಲೀಸ್ ಬಿಲ್ಡ್ ಅನ್ನು ಐದು ಕಂಪ್ಯೂಟರ್‌ಗಳಲ್ಲಿ ಆರಾರು ಗಂಟೆ, ಪ್ರದೇಶಗಳ ನಡುವೆ ತಾನಾಗಿ ಓಡಾಡುವಂತೆ ಬಿಡಬೇಕು. ಒಟ್ಟು ಮೂವತ್ತು ಗಂಟೆ. ಒಂದು ರಾತ್ರಿ ಸಾಕು, ಎರಡು ರಾತ್ರಿ ಓಡಿಸಿದರೆ ಇನ್ನೂ ಒಳ್ಳೆಯದು.

ಎರಡನೆಯ ಪತ್ರ ಚಿಕ್ಕದು: “ಕಾರಣ ಸಿಕ್ಕಿದೆ, ವಿವರ ಲಗತ್ತಿಸಿದೆ. ದುರಸ್ತಿ ಮಾಡಿದ ಬಿಲ್ಡ್ ಅರವತ್ತು ಗಂಟೆ ಕ್ರ್ಯಾಶ್ ಇಲ್ಲದೆ ಓಡಿದೆ. ಬುಧವಾರ ಬೀಟಾ ಕಳಿಸುತ್ತೇವೆ. ಮುಂದಿನ ಹಂತದ ತಾರೀಖಿಗೆ ಧಕ್ಕೆ ಬಾರದಂತೆ, ಎರಡು ಐಚ್ಛಿಕ ಮಟ್ಟಗಳನ್ನು ಬಿಡುಗಡೆಯ ನಂತರಕ್ಕೆ ಸರಿಸಲು ನಿಮ್ಮ ಒಪ್ಪಿಗೆ ಬೇಕು. ಕಂತಿನ ಅರ್ಧವನ್ನು ಬಿಲ್ಡ್ ಕೈಸೇರಿದಾಗ, ಉಳಿದರ್ಧವನ್ನು ನಿಮ್ಮ ಪರೀಕ್ಷೆ ಮುಗಿದಾಗ ಕೊಡಲು ಸಾಧ್ಯವಾದರೆ ಈ ತಿಂಗಳ ಸಂಬಳ ನಿಲ್ಲುವುದಿಲ್ಲ.”

ಸಂಬಳದ ಮಾತನ್ನು ಬರೆಯಲು ಹಲವರು ಸಂಕೋಚಪಡುತ್ತಾರೆ. ಬರೆಯಬೇಕು ಎಂಬುದೇ ನನ್ನ ಅಭಿಪ್ರಾಯ. ಹಣಕ್ಕೆ ಅನುಮತಿ ಕೊಡುವುದು ಬೇರೆ ವಿಭಾಗ. ಪಬ್ಲಿಷರ್ ಕಡೆಯ ಪ್ರೊಡ್ಯೂಸರ್ ಈ ಪತ್ರವನ್ನು ಹಿಡಿದು ಅಲ್ಲಿಗೆ ಹೋಗಬೇಕು, ಕಂತನ್ನು ಯಾಕೆ ಎರಡಾಗಿ ಒಡೆಯಬೇಕು ಎಂದು ಅವರು ಕೇಳಿದಾಗ ಉತ್ತರ ಪತ್ರದಲ್ಲೇ ಇರಬೇಕು.