ರಾಮನಗರದ ರೇಷ್ಮೆ ಲೆಕ್ಕದಲ್ಲಿ ಉಳಿದ 5%

ರಾಮನಗರ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಶೋಲೆ ಬೆಟ್ಟ. ಆದರೆ ಊರಿನ ಬದುಕು ನಿಂತಿರೋದು ರೇಷ್ಮೆ ಗೂಡಿನ ಮೇಲೆ. ರೀಲರ್‌ಗಳು ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಕೊಂಡು, ಬೇಯಿಸಿ, ನೂಲು ಬಿಚ್ಚುತ್ತಾರೆ. ಟೋಟಲ್ ಫ್ಯಾಕ್ಟರ್ ಪ್ರೊಡಕ್ಟಿವಿಟಿ, ಅಂದರೆ ಟಿಎಫ್‌ಪಿ, ಏನು ಅಂತ ತಿಳಿಯೋಕೆ ಇಂಥ ಒಂದು ಘಟಕ ಸಾಕು.

ಉದಾಹರಣೆಗೆ ಹೀಗೆ ಅಂದುಕೊಳ್ಳೋಣ. ಒಂದು ವರ್ಷದಲ್ಲಿ ನೂಲಿನ ಉತ್ಪಾದನೆ 10% ಹೆಚ್ಚಾಯ್ತು. ಕೊಂಡ ಗೂಡಿನ ತೂಕ 4% ಹೆಚ್ಚಾಯ್ತು, ಯಂತ್ರದ ಬಂಡವಾಳ 20% ಹೆಚ್ಚಾಯ್ತು, ಕೆಲಸಗಾರರ ಒಟ್ಟು ಗಂಟೆಗಳು ಅಷ್ಟೇ ಇವೆ. ಒಟ್ಟು ಖರ್ಚಿನಲ್ಲಿ ಗೂಡಿನ ಪಾಲು 0.75, ಕೂಲಿಯದು 0.15, ಯಂತ್ರದ್ದು 0.10. ಗ್ರೋತ್ ಅಕೌಂಟಿಂಗ್ ಮಾಡೋದು ಇಷ್ಟೇ: ಪ್ರತಿ ಇನ್‌ಪುಟ್‌ನ ಬೆಳವಣಿಗೆಯನ್ನು ಅದರ ಪಾಲಿನಿಂದ ಗುಣಿಸಿ, ಎಲ್ಲವನ್ನೂ ಉತ್ಪಾದನೆಯ ಬೆಳವಣಿಗೆಯಿಂದ ಕಳೆಯೋದು.

```
10 − (0.75×4 + 0.15×0 + 0.10×20) = 5
```

ಇನ್‌ಪುಟ್‌ಗಳು 5% ಬೆಳವಣಿಗೆಯನ್ನು ವಿವರಿಸಿದವು. ಉಳಿದ 5% ಟಿಎಫ್‌ಪಿ. ಇದನ್ನು ಯಾರೂ ನೇರವಾಗಿ ಅಳೆದಿಲ್ಲ, ಕಳೆದ ಮೇಲೆ ಉಳಿದಿದ್ದು ಅಷ್ಟೇ.

ಹಾಗಾದ್ರೆ ಈ 5% ಪೂರ್ತಿ ಕೆಲಸಗಾರಿಕೆ, ತಂತ್ರಜ್ಞಾನದ ಸುಧಾರಣೆಯಾ? ರೀಲರ್‌ಗಳ ಹತ್ತಿರ ಇದನ್ನು ಪರೀಕ್ಷಿಸೋಕೆ ಒಂದು ಅಳತೆ ಇದೆ: ರೆಂಡಿಟ್ಟಾ. 1 ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕು ಅನ್ನೋ ಲೆಕ್ಕ. ಮೊದಲು ಅದು 7 ಇದ್ದರೆ ಈಗ ಸುಮಾರು 6.6 ಆಗಿರುತ್ತೆ. ಆದರೆ ರೆಂಡಿಟ್ಟಾ ಇಳಿಯೋಕೆ ಎರಡು ದಾರಿ ಇದೆ. ಒಂದು, ಅದೇ ಗೂಡನ್ನು ಚೆನ್ನಾಗಿ ಬೇಯಿಸಿ, ಎಳೆ ಕಡಿಯದಂತೆ ಬಿಚ್ಚೋದು. ಇನ್ನೊಂದು, ಮಿಶ್ರತಳಿ ಗೂಡು ಕಡಿಮೆ ಮಾಡಿ ದ್ವಿತಳಿ ಗೂಡು ಹೆಚ್ಚು ಕೊಳ್ಳೋದು. ದ್ವಿತಳಿಯಲ್ಲಿ ಕೆಜಿಗೆ ಹೆಚ್ಚು ನೂಲು ಬರುತ್ತೆ, ಅದಕ್ಕೇ ಹರಾಜಿನಲ್ಲಿ ಬೆಲೆಯೂ ಜಾಸ್ತಿ.

ಎರಡನೇ ದಾರಿಯಲ್ಲಿ ಘಟಕ ಜಾಣ ಆಗಿಲ್ಲ, ಒಳ್ಳೆ ಮಾಲು ತಂದಿದೆ ಅಷ್ಟೆ. ಅದನ್ನು ಸರಿಪಡಿಸೋಕೆ ಎರಡೂ ವರ್ಷದ ಗೂಡಿಗೆ, ತಳಿವಾರು, ಹಳೆ ವರ್ಷದ ಬೆಲೆ ಹಾಕಬೇಕು. ಹಾಗೆ ಹಾಕಿದಾಗ ಗೂಡಿನ ಬೆಳವಣಿಗೆ 4% ಬದಲು 8% ಬಂತು ಅನ್ನಿ. ಆಗ 0.75×8 = 6, ಯಂತ್ರದ್ದು 2, ಉಳಿಯೋದು ಬರೀ 2%.

ಅರ್ಥಶಾಸ್ತ್ರದಲ್ಲೂ ಇದೇ ಆಯ್ತು. 1957ರಲ್ಲಿ ರಾಬರ್ಟ್ ಸೋಲೋ ಅಮೆರಿಕದ 1909–49ರ ಲೆಕ್ಕ ಹಾಕಿದಾಗ, ಒಂದು ಗಂಟೆ ದುಡಿಮೆಯ ಉತ್ಪಾದನೆ ಏರಿದ್ದರಲ್ಲಿ ಎಂಟರಲ್ಲಿ ಏಳು ಪಾಲು ಹೀಗೆ ಉಳಿದಿದ್ದೇ ಆಗಿತ್ತು. 1967ರಲ್ಲಿ ಜಾರ್ಗೆನ್ಸನ್ ಮತ್ತು ಗ್ರಿಲಿಕೆಸ್, ಇನ್‌ಪುಟ್‌ಗಳನ್ನು ಸರಿಯಾಗಿ ಅಳೆದರೆ ಈ ಉಳಿಕೆ ತುಂಬಾ ಕುಗ್ಗುತ್ತೆ ಅಂತ ವಾದಿಸಿದರು.

ತಪ್ಪು ಉಲ್ಟಾ ದಿಕ್ಕಿನಲ್ಲೂ ಆಗಬಹುದು. ಕರೆಂಟ್ ಹೋಗಿ ಯಂತ್ರ ಸುಮ್ಮನೆ ನಿಂತಿದ್ದರೂ ಬಂಡವಾಳದ ಲೆಕ್ಕದಲ್ಲಿ ಅದು ಪೂರ್ತಿ ಇರುತ್ತೆ. ಆಗ ಯಾರ ಕೈಚಳಕವೂ ಕಡಿಮೆಯಾಗದೆ ಟಿಎಫ್‌ಪಿ ಬೀಳುತ್ತೆ.

ಆದ್ದರಿಂದ ಆ 2% ನಿಜವಾ ಅಂತ ನೋಡೋಕೆ ಪ್ರತಿ ತಳಿಯ ರೆಂಡಿಟ್ಟಾ ಬೇರೆ ಬೇರೆ ಬರೆದಿಡಬೇಕು. ಒಂದೇ ತಳಿಯೊಳಗೆ, ಯಂತ್ರ ಓಡಿದ ಗಂಟೆಗಳೂ ಅಷ್ಟೇ ಇದ್ದು ಅದು ಇಳಿದಿದ್ದರೆ, ಘಟಕ ನಿಜವಾಗಿ ಏನೋ ಕಲಿತಿದೆ.