ಮೇಷ್ಟ್ರ ಹತ್ತು ನಿಮಿಷ

ನಿವೃತ್ತರಾದ ಮೇಷ್ಟ್ರು ಮೊದಲ ದಿನವೇ ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಪೂರಾ ಸುತ್ತಿಬಂದರು. ಮರುದಿನ ಮಂಡಿ ಮಡಚಲಾಗಲಿಲ್ಲ. 35 ವರ್ಷ ಬೋರ್ಡಿನ ಮುಂದೆ ನಿಂತ ಕಾಲು ಹೀಗೆ ಕೈಕೊಡುವುದೇ ಎಂದು ಸಿಟ್ಟಾದರು.

“ಆಗಿನ ಕಾಲೇ ಬೇರೆ ಸಾರ್, ಈಗಿನದೇ ಬೇರೆ,” ಎಂದಳು ಫಿಸಿಯೋಥೆರಪಿಸ್ಟ್ ಆಗಿರುವ ಹಳೆಯ ಶಿಷ್ಯೆ. ವಯಸ್ಸಾದಂತೆ ತೊಡೆಯ ಸ್ನಾಯು ಸೊರಗುತ್ತದೆ. ಅದು ಹೊರಬೇಕಾದ ಭಾರ ಮಂಡಿಗೆ ಬೀಳುತ್ತದೆ. ಅವಳು 10 ನಿಮಿಷದ ನಡಿಗೆಯಷ್ಟೇ ಗೊತ್ತುಮಾಡಿದಳು, ವಾರಕ್ಕೆ 2 ನಿಮಿಷ ಹೆಚ್ಚಿಸಲು ಹೇಳಿದಳು. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ವೇಗದ ಅಳತೆ ಅದು. ಮಂಡಿನೋವು ಮರುದಿನಕ್ಕೂ ಉಳಿದರೆ ನಡಿಗೆ ಹೆಚ್ಚಾಯಿತೆಂದೇ ಅರ್ಥ.

ಅಂಥ ದಿನ ಮೇಷ್ಟ್ರು ಈಗ ಅರ್ಧದಲ್ಲೇ ಕಲ್ಲುಬೆಂಚಿನ ಮೇಲೆ ಕೂರುತ್ತಾರೆ, ಸಂಕೋಚವಿಲ್ಲದೆ. ನಡೆಯುವಾಗ ಎದೆ ಬಿಗಿದರೆ ಮಾತ್ರ ತಡಮಾಡಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.