ಅರ್ಧ ತುಂಬಿದ ವೃತ್ತಕ್ಕೆ ಎಷ್ಟು ಅಂಕ?

ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಸಂಸ್ಥೆ 1936ರಿಂದ ಅಂಗಡಿಯಲ್ಲಿ ಸಿಗುವ ವಸ್ತುಗಳನ್ನು ತಾನೇ ಕೊಂಡು, ಪರೀಕ್ಷಿಸಿ, ಫಲಿತಾಂಶವನ್ನು ಪ್ರಕಟಿಸುತ್ತ ಬಂದಿದೆ. ಅದರ ಪತ್ರಿಕೆಯ ಹಳೆಯ ಸಂಚಿಕೆಯೊಂದನ್ನು ತೆರೆದರೆ ಪುಟದ ತುಂಬ ಪುಟ್ಟ ವೃತ್ತಗಳು ಕಾಣುತ್ತವೆ. ಕೆಲವು ಕೆಂಪು, ಕೆಲವು ಕಪ್ಪು, ಕೆಲವು ಅರ್ಧ ಮಾತ್ರ ತುಂಬಿದವು, ಇನ್ನು ಕೆಲವು ಪೂರ್ತಿ ಖಾಲಿ. ಕೆಂಪು ಎಂದರೆ ಒಳ್ಳೆಯದು, ಕಪ್ಪು ಎಂದರೆ ಕಳಪೆ. ಖಾಲಿ ವೃತ್ತ ಇವೆರಡರ ನಟ್ಟನಡುವೆ, ಅಂದರೆ ಸಾಧಾರಣ. 2016ರಲ್ಲಿ ಸಂಸ್ಥೆ ಈ ಪದ್ಧತಿಯನ್ನು ಬಿಟ್ಟು ಹಸಿರಿನಿಂದ ಕೆಂಪಿನವರೆಗಿನ ಬಣ್ಣಗಳಿಗೆ ಬದಲಾಯಿತು. ಈಗ ಹಸಿರು ಉತ್ತಮ, ಕೆಂಪು ಕಳಪೆ. ಹಳೆಯ ಕೋಷ್ಟಕದ ಚಿತ್ರವನ್ನೂ ಹೊಸದರ ಚಿತ್ರವನ್ನೂ ಪಕ್ಕಪಕ್ಕ ಇಟ್ಟುಕೊಂಡು ಅಂಕ ಬರೆಯಲು ಕುಳಿತವರಿಗೆ, ಒಂದೇ ಸಂಸ್ಥೆಯ ಕೆಂಪು ಬಣ್ಣ ಒಂದೆಡೆ ಐದಾಗಿ, ಇನ್ನೊಂದೆಡೆ ಒಂದಾಗಿ ಎದುರಾಗುತ್ತದೆ.

ವೃತ್ತಗಳಿಗೆ ಇನ್ನೊಂದು ಮನೆತನವೂ ಇದೆ. 1970ರ ದಶಕದಲ್ಲಿ ಬೂಜ್ ಅಲೆನ್ ಹ್ಯಾಮಿಲ್ಟನ್ ಎಂಬ ಸಲಹಾ ಸಂಸ್ಥೆಯಲ್ಲಿದ್ದ ಹಾರ್ವೆ ಪೊಪೆಲ್ ಬಳಕೆಗೆ ತಂದರೆಂದು ಹೇಳಲಾಗುವ ಇವಕ್ಕೆ ‘ಹಾರ್ವೆ ಬಾಲ್’ ಎಂದೇ ಹೆಸರು. ಕಂಪನಿಗಳ ಸ್ಲೈಡುಗಳಲ್ಲಿ, ಫೋನು ಮತ್ತು ತಂತ್ರಾಂಶಗಳ ಹೋಲಿಕೆ ಪಟ್ಟಿಗಳಲ್ಲಿ ಕಾಣುವುದು ಹೆಚ್ಚಾಗಿ ಇವೇ: ○ ◔ ◑ ◕ ●. ಇಲ್ಲಿ ಬಣ್ಣದ ಮಾತಿಲ್ಲ, ತುಂಬಿದಷ್ಟೇ ಅಂಕ. ಖಾಲಿ ಎಂದರೆ ಸೊನ್ನೆ, ಕಾಲು ತುಂಬಿದರೆ ಒಂದು, ಅರ್ಧಕ್ಕೆ ಎರಡು, ಮುಕ್ಕಾಲಿಗೆ ಮೂರು, ಪೂರ್ತಿಗೆ ನಾಲ್ಕು.

ಹಾಗಾಗಿ ಕೋಷ್ಟಕದ ಚಿತ್ರ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ವಸ್ತುಗಳ ಸಾಲುಗಳನ್ನಲ್ಲ, ಅಡಿಯಲ್ಲೋ ಮೂಲೆಯಲ್ಲೋ ಸಣ್ಣಕ್ಷರದಲ್ಲಿರುವ ಸಂಕೇತಗಳ ವಿವರಣೆಯನ್ನು. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸ್ಕ್ರೀನ್‌ಶಾಟುಗಳಲ್ಲಿ ಕತ್ತರಿಸಿ ಹೋಗುವುದೂ ಅದೇ ಭಾಗ. ಆಗ ಕೋಷ್ಟಕದೊಳಗೇ ಸುಳಿವು ಹುಡುಕಬೇಕು. ಖಾಲಿ ವೃತ್ತ ಪಟ್ಟಿಯಲ್ಲಿ ಎಲ್ಲೆಂದರಲ್ಲಿ ಕಾಣುತ್ತಿದೆಯೇ, ಒಟ್ಟಾರೆ ಮೇಲಿನ ಸ್ಥಾನದಲ್ಲಿರುವ ವಸ್ತುವಿಗೂ ಎರಡು ಮೂರು ಕಡೆ ಅದೇ ಬಿದ್ದಿದೆಯೇ? ಹಾಗಿದ್ದರೆ ಅದು ಬಹುಶಃ ‘ಸಾಧಾರಣ’. ಖಾಲಿ ವೃತ್ತಗಳೆಲ್ಲ ಕೊನೆಯ ಸ್ಥಾನಗಳಲ್ಲಿ ಗುಂಪುಗೂಡಿದ್ದರೆ ಅದು ಸೊನ್ನೆಯಾಗಿರುವ ಸಂಭವವೇ ಹೆಚ್ಚು. ಸಣ್ಣ ಗೆರೆ ಅಥವಾ ಬರಿದಾದ ಮನೆ ಇವೆರಡೂ ಅಲ್ಲ. ಆ ಗುಣವನ್ನು ಪರೀಕ್ಷಿಸಿಯೇ ಇಲ್ಲ ಎಂಬುದನ್ನು ಅದು ಸಾಮಾನ್ಯವಾಗಿ ಹೇಳುತ್ತದೆ. ಅಲ್ಲಿ ಸೊನ್ನೆ ಬರೆದರೆ ಪರೀಕ್ಷೆಗೇ ಕೂರದ ಹುಡುಗನನ್ನು ನಪಾಸು ಮಾಡಿದಂತಾಗುತ್ತದೆ.

ಈ ಕೆಲಸವನ್ನು ಒಸಿಆರ್ ತಂತ್ರಾಂಶಕ್ಕೆ ಒಪ್ಪಿಸುವವರು ಇನ್ನಷ್ಟು ಎಚ್ಚರದಿಂದಿರಬೇಕು. ಅಕ್ಷರ ಗುರುತಿಸಲು ಕಲಿತ ತಂತ್ರಾಂಶಕ್ಕೆ ○ ಎಂಬುದು ಇಂಗ್ಲಿಷಿನ O ಆಗಿ, 0 ಅಂಕೆಯಾಗಿ, ಕನ್ನಡ ಪುಟದಲ್ಲಾದರೆ ಸೊನ್ನೆಯಾಗಿಯೂ ತೋರಬಹುದು. O ಎಂದು ಬಂದರೆ ತಪ್ಪು ಕಣ್ಣಿಗೆ ಬೀಳುತ್ತದೆ. 0 ಎಂದು ಬಂದರೆ ಅದು ಸರಿಯಾದ ಅಂಕದಂತೆಯೇ ಎಕ್ಸೆಲ್ ಶೀಟಿನಲ್ಲಿ ಕುಳಿತುಬಿಡುತ್ತದೆ. ಹಾರ್ವೆ ಬಾಲ್ ಪಟ್ಟಿಯಲ್ಲಿ ಅದು ಅದೃಷ್ಟವಶಾತ್ ಸರಿ. ಹಳೆಯ ಕನ್ಸ್ಯೂಮರ್ ರಿಪೋರ್ಟ್ಸ್ ಪಟ್ಟಿಯಲ್ಲಿ ಸಾಧಾರಣ ವಸ್ತುವೊಂದು ಸದ್ದಿಲ್ಲದೆ ತಳಕ್ಕೆ ಬಿದ್ದಿರುತ್ತದೆ.

ನಕ್ಷತ್ರಗಳು ಇಷ್ಟು ತೊಡಕಿನವಲ್ಲ ಎನಿಸುತ್ತದೆ. ನಾಲ್ಕು ತುಂಬಿವೆ, ಒಂದು ಖಾಲಿ, ಹಾಗಾಗಿ ನಾಲ್ಕು. ಪೂರ್ಣ ನಕ್ಷತ್ರಗಳ ಮಟ್ಟಿಗೆ ಇದು ನಿಜ. ಕಷ್ಟವಿರುವುದು ಅರೆಬರೆ ತುಂಬಿದ ಕೊನೆಯ ನಕ್ಷತ್ರದಲ್ಲಿ. ಅದನ್ನು ಚಿತ್ರ ಬಿಡಿಸಿದ ವಿಧಾನವನ್ನು ಬಿಟ್ಟು ಓದಲು ಬರುವುದಿಲ್ಲ.

ಒಂದು ಉದಾಹರಣೆಯನ್ನು ಅಳತೆ ಸಮೇತ ನೋಡಬಹುದು. ಮಿಕ್ಸರ್‌ಗಳ ಹೋಲಿಕೆ ಚಿತ್ರವೊಂದರಲ್ಲಿ ಪ್ರತಿ ನಕ್ಷತ್ರದ ಅಗಲ 20 ಪಿಕ್ಸೆಲ್, ಎರಡು ನಕ್ಷತ್ರಗಳ ನಡುವಿನ ಜಾಗ 5 ಪಿಕ್ಸೆಲ್ ಎಂದಿಟ್ಟುಕೊಳ್ಳೋಣ. ಐದು ನಕ್ಷತ್ರ, ನಾಲ್ಕು ಸಂದು ಸೇರಿ ಇಡೀ ಪಟ್ಟಿಯ ಅಗಲ 120 ಪಿಕ್ಸೆಲ್. ಒಂದು ಮಿಕ್ಸರ್‌ನ ನಿಜವಾದ ಅಂಕ 4.3. ಐದಕ್ಕೆ 4.3 ಎಂದರೆ ಶೇ 86. ಅನೇಕ ವಿನ್ಯಾಸಗಳಲ್ಲಿ ಬೂದು ನಕ್ಷತ್ರಗಳ ಪಟ್ಟಿಯ ಮೇಲೆ ಹಳದಿ ನಕ್ಷತ್ರಗಳ ಪಟ್ಟಿಯನ್ನಿಟ್ಟು, ಹಳದಿಯನ್ನು ಶೇ 86ರ ಅಗಲಕ್ಕೆ ಕತ್ತರಿಸುತ್ತಾರೆ. 120ರ ಶೇ 86 ಎಂದರೆ 103.2 ಪಿಕ್ಸೆಲ್. ಐದನೆಯ ನಕ್ಷತ್ರ ಆರಂಭವಾಗುವುದು 100ನೇ ಪಿಕ್ಸೆಲ್‌ನಲ್ಲಿ. ಹಾಗಾಗಿ ಅದರ ಪಾಲಿಗೆ ಬರುವ ಹಳದಿ ಮೂರು ಪಿಕ್ಸೆಲ್ಲಿನಷ್ಟು ಮಾತ್ರ, ಅಂದರೆ ಅದರ ಅಗಲದ ಶೇ 16. ಅದೂ ಎಡಗಡೆಯ ಚೂಪು ತುದಿಯಲ್ಲಿ. ನೋಡುವವರ ಕಣ್ಣಿಗೆ ಅಲ್ಲಿ ಏನೂ ಕಾಣದು. ‘ನಾಲ್ಕು’ ಎಂದು ಬರೆದು ಮುಂದೆ ಹೋಗುತ್ತಾರೆ. ಕೊನೆಯ ನಕ್ಷತ್ರವನ್ನಷ್ಟೇ ಅಳೆದವರು 4.16 ಎನ್ನುತ್ತಾರೆ. ಇಡೀ ಪಟ್ಟಿಯ ಮೇಲೆ ಅಳತೆ ಹಿಡಿದು 103.2ನ್ನು 120ರಿಂದ ಭಾಗಿಸಿ ಐದರಿಂದ ಗುಣಿಸಿದವರಿಗೆ ಮಾತ್ರ 4.3 ಸಿಗುತ್ತದೆ.

ಇನ್ನೊಬ್ಬ ವಿನ್ಯಾಸಕಾರರು ಸಂದುಗಳನ್ನು ಲೆಕ್ಕಕ್ಕೆ ಹಿಡಿಯದೆ, ಐದನೆಯ ನಕ್ಷತ್ರವೊಂದರಲ್ಲೇ ಶೇ 30ರಷ್ಟು ಅಗಲಕ್ಕೆ ಬಣ್ಣ ತುಂಬಬಹುದು. ಆಗ ಹಳದಿ 106ನೇ ಪಿಕ್ಸೆಲ್‌ವರೆಗೆ ಬರುತ್ತದೆ. ಇದನ್ನು ಹಿಂದಿನ ಸೂತ್ರದಿಂದ ಓದಿದರೆ 4.4ಕ್ಕಿಂತ ತುಸು ಹೆಚ್ಚಾಗುತ್ತದೆ. ಯಾವ ವಿಧಾನ ಬಳಸಿದ್ದಾರೆಂದು ತಿಳಿಯಲು ದಾರಿಯಿದೆ. ಬಹಳಷ್ಟು ಕೋಷ್ಟಕಗಳಲ್ಲಿ ಒಂದೆರಡು ಸಾಲುಗಳಲ್ಲಾದರೂ ನಕ್ಷತ್ರದ ಪಕ್ಕದಲ್ಲಿ ಅಂಕೆಯನ್ನೂ ಬರೆದಿರುತ್ತಾರೆ. ಆ ಸಾಲನ್ನು ಎರಡೂ ಸೂತ್ರಗಳಿಂದ ಅಳೆದು, ಬರೆದ ಅಂಕೆಗೆ ಹೊಂದುವ ಸೂತ್ರವನ್ನು ಉಳಿದ ಸಾಲುಗಳಿಗೂ ಬಳಸಬೇಕು.

ಅಗಲದ ಬದಲು ವಿಸ್ತೀರ್ಣವನ್ನು ಅಳೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಬಣ್ಣ ತುಂಬಿದ ಪಿಕ್ಸೆಲ್‌ಗಳನ್ನು ಎಣಿಸಿ ಒಟ್ಟಿನಿಂದ ಭಾಗಿಸುವುದು ವೈಜ್ಞಾನಿಕವೆಂದೇ ತೋರುತ್ತದೆ. ಆದರೆ ಐದು ಮೂಲೆಯ ನಕ್ಷತ್ರದ ಎಡತುದಿ ಕಿರಿದು, ನಡುಭಾಗ ಅಗಲ. ಎಡದಿಂದ ಕಾಲು ಭಾಗದ ಅಗಲಕ್ಕೆ ಬಣ್ಣ ತುಂಬಿದರೆ ಆವರಿಸಿಕೊಳ್ಳುವುದು ನಕ್ಷತ್ರದ ಸುಮಾರು ಶೇ 9ರಷ್ಟು ಜಾಗ ಮಾತ್ರ. ಅರ್ಧದಲ್ಲಿ ಮಾತ್ರ ಎರಡೂ ಲೆಕ್ಕ ಒಂದಾಗುತ್ತವೆ, ಏಕೆಂದರೆ ನಕ್ಷತ್ರದ ಎಡ ಬಲ ಸಮ. ಹಾರ್ವೆ ಬಾಲ್‌ಗೆ ಈ ತೊಂದರೆಯಿಲ್ಲ. ಅದರಲ್ಲಿ ಗಡಿಯಾರದ ಮುಳ್ಳು ತಿರುಗಿದ ಹಾಗೆ ಹೋಳು ಹೋಳಾಗಿ ತುಂಬುವುದರಿಂದ ಕಾಲು ಎಂದರೆ ವಿಸ್ತೀರ್ಣದಲ್ಲೂ ಕಾಲೇ. ಆದರೆ ವೃತ್ತವನ್ನು ಕೆಳಗಿನಿಂದ ಮೇಲಕ್ಕೆ ತುಂಬಿದ್ದರೆ ಕಾಲು ಎತ್ತರಕ್ಕೆ ಬರುವುದು ಶೇ 20ಕ್ಕಿಂತ ತುಸು ಕಡಿಮೆ ಜಾಗ.

ಬಣ್ಣದ ಬಗ್ಗೆಯೂ ಒಂದು ಮಾತು. ಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿ ಅಳೆಯುವ ಅಭ್ಯಾಸ ಹಲವರಿಗಿದೆ. ನಕ್ಷತ್ರಗಳಿಗೆ ಬಳಸುವ ಹೊಂಬಣ್ಣ, ಉದಾಹರಣೆಗೆ ಕೆಂಪು 255, ಹಸಿರು 193, ನೀಲಿ 7 ಸೇರಿದ ಬಣ್ಣ, ಸಾಮಾನ್ಯ ಸೂತ್ರದ ಪ್ರಕಾರ ಸುಮಾರು 190ರ ಬೂದುಬಣ್ಣವಾಗುತ್ತದೆ. ಖಾಲಿ ನಕ್ಷತ್ರಗಳ ಬೂದುಬಣ್ಣವೂ 190ರ ಆಸುಪಾಸಿನಲ್ಲಿದ್ದರೆ ಐದೂ ನಕ್ಷತ್ರ ಒಂದೇ ಥರ ಕಾಣುತ್ತವೆ. ಬಣ್ಣ ಎಷ್ಟು ಗಾಢ ಎಂಬುದನ್ನು ಬಿಟ್ಟು, ಅಲ್ಲಿ ಬಣ್ಣ ಇದೆಯೇ ಅಥವಾ ಬರೀ ಬೂದೇ ಎಂಬುದನ್ನು ನೋಡಿದರೆ ಗೊಂದಲ ಬಗೆಹರಿಯುತ್ತದೆ.

ಇಷ್ಟೆಲ್ಲ ಸೂಕ್ಷ್ಮವಾಗಿ ಅಳೆಯುವ ಮುನ್ನ ಪಟ್ಟಿಯನ್ನೊಮ್ಮೆ ಪೂರ್ತಿ ಕಣ್ಣಾಡಿಸುವುದು ಒಳ್ಳೆಯದು. ಎಲ್ಲ ಸಾಲುಗಳಲ್ಲೂ ಅರೆ ನಕ್ಷತ್ರ ಸರಿಯಾಗಿ ಅರ್ಧಕ್ಕೇ ನಿಂತಿದ್ದರೆ ಅಂಕಗಳನ್ನು ಮೊದಲೇ ಅರ್ಧರ್ಧಕ್ಕೆ ಹೊಂದಿಸಿದ್ದಾರೆಂದು ಅರ್ಥ. ಅಲ್ಲಿ ನಾಲ್ಕೂವರೆ ನಕ್ಷತ್ರ ಎಂದರೆ ಸಾಮಾನ್ಯವಾಗಿ 4.25ರಿಂದ 4.75ರ ನಡುವಿನ ಯಾವುದಾದರೂ ಆಗಬಹುದು. ಅದನ್ನು 4.50 ಎಂದು ಎರಡು ದಶಮಾಂಶಗಳಲ್ಲಿ ಬರೆದರೆ ಚಿತ್ರದಲ್ಲಿಲ್ಲದ ನಿಖರತೆಯನ್ನು ಬರೆಯುವವರೇ ಸೇರಿಸಿದಂತೆ.

ವೃತ್ತದ ಪಟ್ಟಿಯನ್ನೂ ನಕ್ಷತ್ರದ ಪಟ್ಟಿಯನ್ನೂ ಒಂದೇ ಶೀಟಿಗೆ ತರುವಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ. ಮುಕ್ಕಾಲು ತುಂಬಿದ ಹಾರ್ವೆ ಬಾಲ್ ನಾಲ್ಕಕ್ಕೆ ಮೂರು, ನೂರಕ್ಕೆ 75. ನಾಲ್ಕು ನಕ್ಷತ್ರವನ್ನು ಐದರಿಂದ ಭಾಗಿಸಿದರೆ 80. ಎರಡೂ ಐದು ಮೆಟ್ಟಿಲುಗಳ ಏಣಿಯ ನಾಲ್ಕನೆಯ ಮೆಟ್ಟಿಲೇ ಆಗಿದ್ದರೂ ಅಂಕ ಬೇರೆಯಾಯಿತು. ವೃತ್ತಗಳ ಏಣಿ ಸೊನ್ನೆಯಿಂದ ಆರಂಭವಾದರೆ, ನಕ್ಷತ್ರಗಳದು ಹೆಚ್ಚಾಗಿ ಒಂದರಿಂದ ಆರಂಭವಾಗುವುದೇ ಇದಕ್ಕೆ ಕಾರಣ. ಅತಿ ಕಳಪೆ ವಸ್ತುವಿಗೂ ಒಂದು ನಕ್ಷತ್ರ ಸಿಕ್ಕೇ ಸಿಗುತ್ತದೆ, ಬರೀ ಭಾಗಾಕಾರ ಮಾಡಿದರೆ ಪುಕ್ಕಟೆಯಾಗಿ 20 ಅಂಕ. ಅಂಥ ಪಟ್ಟಿಯಲ್ಲಿ ನಕ್ಷತ್ರದಿಂದ ಒಂದನ್ನು ಕಳೆದು ನಾಲ್ಕರಿಂದ ಭಾಗಿಸಬೇಕು. ಆಗ ನಾಲ್ಕು ನಕ್ಷತ್ರವೂ 75 ಆಗುತ್ತದೆ, ಒಂದು ನಕ್ಷತ್ರ ಸೊನ್ನೆಗೆ ಇಳಿಯುತ್ತದೆ.

ಮೆಟ್ಟಿಲುಗಳ ಎತ್ತರವೂ ಸಮವಾಗಿರಬೇಕೆಂದೇನಿಲ್ಲ. ನಮ್ಮ ಮನೆಗಳ ಎಸಿಯ ಮೇಲಿರುವ ಬಿಇಇ ನಕ್ಷತ್ರಗಳೇ ಇದಕ್ಕೆ ಸಾಕ್ಷಿ. ಅವುಗಳ ಹಿಂದಿರುವ ನಿಜವಾದ ಅಂಕೆ ಐಎಸ್‌ಇಇಆರ್. ಒಂದು ವರ್ಷದ ಬಳಕೆಯಲ್ಲಿ ಯಂತ್ರ ಹೊರಹಾಕುವ ಶಾಖವನ್ನು ಅದು ಬಳಸುವ ವಿದ್ಯುತ್ತಿನಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. ಸ್ಪ್ಲಿಟ್ ಎಸಿಗಳಿಗೆ 2022ರ ಜುಲೈಯಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ 3.50ರಿಂದ 3.79ರವರೆಗೆ ಎರಡು ನಕ್ಷತ್ರ, 3.80ರಿಂದ 4.39ರವರೆಗೆ ಮೂರು. ಎರಡನೆಯ ಮೆಟ್ಟಿಲಿಗಿಂತ ಮೂರನೆಯದು ಎರಡು ಪಟ್ಟು ದೊಡ್ಡದು. 3.79 ಮತ್ತು 3.80ರ ಎಸಿಗಳು ವಿದ್ಯುತ್ ಬಳಕೆಯಲ್ಲಿ ಹೆಚ್ಚುಕಡಿಮೆ ಒಂದೇ, ಆದರೂ ಒಂದಕ್ಕೆ ಎರಡು ನಕ್ಷತ್ರ, ಇನ್ನೊಂದಕ್ಕೆ ಮೂರು. 3.80 ಮತ್ತು 4.39ರ ಎಸಿಗಳೆರಡಕ್ಕೂ ಮೂರೇ ನಕ್ಷತ್ರ, ಆದರೆ ಅಷ್ಟೇ ತಂಪಿಗೆ ಮೊದಲನೆಯದು ಸುಮಾರು ಶೇ 15ರಷ್ಟು ಹೆಚ್ಚು ವಿದ್ಯುತ್ ನುಂಗುತ್ತದೆ.

ಅಂಗಡಿಯವರು ಮಾಡುವ ಹೋಲಿಕೆ ಚಿತ್ರಗಳಲ್ಲಿ ನಕ್ಷತ್ರ ಉಳಿದು ಈ ಅಂಕೆ ಬಿಟ್ಟುಹೋಗಿರುವುದುಂಟು. ಆದರೆ ಯಂತ್ರಕ್ಕೆ ಅಂಟಿಸಿದ ಲೇಬಲ್ಲಿನಲ್ಲಿ ಅದು ಮುದ್ರಿತವಾಗಿರುತ್ತದೆ, ಜೊತೆಗೆ ಲೇಬಲ್ ಯಾವ ಅವಧಿಯದು ಎಂಬುದೂ ಇರುತ್ತದೆ. ಆ ಅವಧಿಯನ್ನೂ ಶೀಟಿನಲ್ಲಿ ಒಂದು ಕಾಲಂ ಆಗಿ ಬರೆದುಕೊಳ್ಳಬೇಕು. 2018ರ ಪಟ್ಟಿಯಲ್ಲಿ 4.50 ಮುಟ್ಟಿದರೆ ಐದು ನಕ್ಷತ್ರ ಸಿಗುತ್ತಿತ್ತು. 2022ರ ಪಟ್ಟಿಯಲ್ಲಿ ಐದು ನಕ್ಷತ್ರಕ್ಕೆ 5.00 ಬೇಕಿತ್ತು. 4.60ರ ಎಸಿಯೊಂದು ಹಳೆಯ ಚಿತ್ರದಲ್ಲಿ ಐದು ನಕ್ಷತ್ರ ಹೊತ್ತು, ಹೊಸ ಚಿತ್ರದಲ್ಲಿ ನಾಲ್ಕನ್ನೇ ಹೊತ್ತಿದ್ದರೆ ಎರಡೂ ಚಿತ್ರಗಳು ಸರಿಯಾಗಿಯೇ ಇವೆ.